ಹಾಲು ಬಿಟ್ಟರೂ ಕಲ್ಲು ಬಿಡದು

ಕಿಡ್ನಿಯಲ್ಲಿ ಕಲ್ಲಾಗಿದೆ ಎಂದು ಸ್ಕ್ಯಾನಿಂಗ್ ವರದಿ ಬಂದ ದಿನವೇ ಮನೆಯಲ್ಲಿ ಪಥ್ಯದ ಪಟ್ಟಿ ತಯಾರಾಗುತ್ತದೆ. ಹಾಲು ಬೇಡ, ಮೊಸರು ಬೇಡ, ರಾಗಿ ಬೇಡ, ಟೊಮೆಟೊ ಅಂತೂ ಬೇಡವೇ ಬೇಡ. ಕಲ್ಲಿನಲ್ಲಿರುವುದು ಕ್ಯಾಲ್ಸಿಯಂ ಅಂದಮೇಲೆ ಕ್ಯಾಲ್ಸಿಯಂ ಇರುವುದನ್ನೆಲ್ಲ ಬಿಟ್ಟರೆ ಕಲ್ಲು ಹೇಗೆ ಆದೀತು ಎಂಬುದು ಈ ಪಟ್ಟಿಯ ಹಿಂದಿನ ತರ್ಕ. ಕೇಳಲು ಸರಿಯೆನಿಸುತ್ತದೆ. ವೈದ್ಯರೂ ದಶಕಗಳ ಕಾಲ ಹೀಗೆಯೇ ಹೇಳುತ್ತಿದ್ದರು.

1993ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ಯಾರಿ ಕರ್ಹನ್ ಮತ್ತು ಸಂಗಡಿಗರು ಈ ತರ್ಕ ತಲೆಕೆಳಗಾಗುವಂಥ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರು ನಲವತ್ತು ದಾಟಿದ ಸುಮಾರು 45 ಸಾವಿರ ಗಂಡಸರ ಊಟದ ವಿವರ ಬರೆದಿಟ್ಟುಕೊಂಡು, ಮುಂದಿನ ನಾಲ್ಕು ವರ್ಷಗಳಲ್ಲಿ ಯಾರಿಗೆ ಕಲ್ಲಾಯಿತು ಎಂದು ನೋಡಿದರು. ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚು ತೆಗೆದುಕೊಳ್ಳುತ್ತಿದ್ದವರಿಗೆ ಕಲ್ಲಿನ ಅಪಾಯ ಹೆಚ್ಚಿರಲಿಲ್ಲ. ತೀರಾ ಕಡಿಮೆ ತೆಗೆದುಕೊಳ್ಳುತ್ತಿದ್ದವರಿಗೆ ಹೋಲಿಸಿದರೆ ಅದು ಸುಮಾರು ಮೂರನೇ ಒಂದರಷ್ಟು ಕಡಿಮೆಯೇ ಇತ್ತು. ಹೀಗೇಕೆ ಎಂದು ತಿಳಿಯಬೇಕಾದರೆ ಕಲ್ಲು ಎಲ್ಲಿ, ಹೇಗೆ ಹುಟ್ಟುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್‌ನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೇ ಸೇರಿಸಿ, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ದೇಹಕ್ಕೆ ಬೇಡವಾದ ಲವಣಗಳೆಲ್ಲ ಈ ಅಲ್ಪ ನೀರಿನಲ್ಲೇ ಕರಗಿ ಹೋಗಬೇಕು. ಅವುಗಳಲ್ಲಿ ಕ್ಯಾಲ್ಸಿಯಂ ಒಂದು. ಆಕ್ಸಲೇಟ್ ಇನ್ನೊಂದು. ಇದು ಸೊಪ್ಪು, ಬೀಜಗಳಿಂದ ಬರುತ್ತದೆ, ನಮ್ಮ ಯಕೃತ್ತಿನಲ್ಲೂ ತಯಾರಾಗುತ್ತದೆ. ಬೇರೆ ಬೇರೆಯಾಗಿದ್ದಾಗ ಇವೆರಡೂ ನಿರುಪದ್ರವಿಗಳು. ಕೂಡಿಕೊಂಡರೆ ಮಾತ್ರ ನೀರಿನಲ್ಲಿ ಅಷ್ಟು ಸುಲಭವಾಗಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಕಿಡ್ನಿಯ ಕಲ್ಲುಗಳಲ್ಲಿ ಹತ್ತಕ್ಕೆ ಏಳೆಂಟು ಈ ಜಾತಿಯವೇ.

ಈ ವಸ್ತುವಿನ ಪರಿಚಯ ಕರಾವಳಿ, ಮಲೆನಾಡಿನವರ ನಾಲಿಗೆಗೆ ಮೊದಲೇ ಇದೆ. ಸರಿಯಾಗಿ ಬೇಯದ ಕೆಸುವಿನ ಎಲೆ ತಿಂದಾಗ ಗಂಟಲು ತುರಿಸುವುದಕ್ಕೆ ಎಲೆಯೊಳಗಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳೇ ಕಾರಣ.

ಆರೋಗ್ಯವಂತರ ಮೂತ್ರದಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಅನೇಕ ವೇಳೆ ಕರಗುವ ಮಿತಿಯನ್ನು ಮೀರಿಯೇ ಇರುತ್ತದೆ. ಆದರೂ ಎಲ್ಲರಿಗೂ ಕಲ್ಲಾಗುವುದಿಲ್ಲ. ಮೂತ್ರದಲ್ಲಿ ಹರಳುಗಟ್ಟುವುದನ್ನು ತಡೆಯುವ ವಸ್ತುಗಳೂ ಇರುವುದೇ ಇದಕ್ಕೆ ಒಂದು ಕಾರಣ. ಅವುಗಳಲ್ಲಿ ಮುಖ್ಯವಾದದ್ದು ಸಿಟ್ರೇಟ್. ನಿಂಬೆಯ ಹುಳಿಯೂ ಇದೇ ಕುಲದ್ದು. ಅದು ಕ್ಯಾಲ್ಸಿಯಂ ಅನ್ನು ತಾನೇ ಹಿಡಿದುಕೊಂಡು ಆಕ್ಸಲೇಟ್‌ಗೆ ಸಿಗದಂತೆ ಮಾಡುತ್ತದೆ. ಇನ್ನೊಂದು ಕಾರಣ, ಹುಟ್ಟಿದ ಸಣ್ಣ ಹರಳು ಬೆಳೆಯಲು ಎಲ್ಲಾದರೂ ಅಂಟಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ಮೂತ್ರದ ಜೊತೆ ಹರಿದು ಹೋಗುತ್ತದೆ.

ಆ ನೆಲೆಯನ್ನು ಗುರುತಿಸಿದವರು ಅಮೆರಿಕದ ಶಸ್ತ್ರವೈದ್ಯ ಅಲೆಕ್ಸಾಂಡರ್ ರ‍್ಯಾಂಡಲ್. ಶವಪರೀಕ್ಷೆಗೆ ಬಂದ ನೂರಾರು ಮೂತ್ರಪಿಂಡಗಳನ್ನು ಸೀಳಿ ನೋಡಿದ ಅವರು, ಮೂತ್ರ ಒಸರುವ ತುದಿಗಳ ಮೇಲೆ ಕೆನೆಬಣ್ಣದ ಚಿಕ್ಕ ಚಿಕ್ಕ ಮಚ್ಚೆಗಳಿರುವುದನ್ನೂ, ಕೆಲವು ಮಚ್ಚೆಗಳ ಮೇಲೆ ಪುಟ್ಟ ಕಲ್ಲುಗಳು ಅಂಟಿಕೊಂಡಿರುವುದನ್ನೂ 1937ರಲ್ಲಿ ವಿವರಿಸಿದರು. ಮಚ್ಚೆ ಕ್ಯಾಲ್ಸಿಯಂ ಫಾಸ್ಫೇಟ್‌ನದು. ಅದು ಮೊದಲು ಅಂಗಾಂಶದ ಒಳಗೇ ಹುಟ್ಟಿ, ಮೇಲಿನ ಪೊರೆ ಹರಿದಾಗ ಮೂತ್ರಕ್ಕೆ ತೆರೆದುಕೊಳ್ಳುತ್ತದೆ. ಸಕ್ಕರೆಯ ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟರೆ ಅದರ ಸುತ್ತ ಕಲ್ಲುಸಕ್ಕರೆ ಕಟ್ಟುವ ಹಾಗೆ, ಈ ಮಚ್ಚೆಯ ಮೇಲೆ ಕ್ಯಾಲ್ಸಿಯಂ ಆಕ್ಸಲೇಟ್ ಪದರ ಪದರವಾಗಿ ಕಟ್ಟುತ್ತಾ ಹೋಗುತ್ತದೆ. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಷ್ಟು ದಿನವೂ ಆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಕಲ್ಲು ಕಳಚಿಕೊಂಡ ಮೇಲೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ. ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಅದರಲ್ಲೂ ಮೂರು ಕಡೆ ಅದು ಇನ್ನಷ್ಟು ಕಿರಿದಾಗುತ್ತದೆ. ಮೂತ್ರಪಿಂಡದಿಂದ ಹೊರಡುವಲ್ಲಿ ಒಮ್ಮೆ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ ಒಮ್ಮೆ, ಕಡೆಗೆ ಮೂತ್ರಕೋಶದ ಗೋಡೆಯನ್ನು ಹೊಕ್ಕುವಲ್ಲಿ ಒಮ್ಮೆ. ಇಳಿಯುವ ಕಲ್ಲು ಹೆಚ್ಚಾಗಿ ಈ ಮೂರರಲ್ಲೊಂದು ಕಡೆ ಸಿಕ್ಕಿಕೊಳ್ಳುತ್ತದೆ.

ಕಲ್ಲು ಚೂಪಾಗಿರುವುದರಿಂದ, ಅದು ನಾಳವನ್ನು ಕೆರೆಯುವುದರಿಂದ ನೋವು ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕೆರೆತದಿಂದ ಮೂತ್ರದಲ್ಲಿ ರಕ್ತ ಕಾಣಿಸಬಹುದು, ನಿಜ. ಆದರೆ ನೆಲದ ಮೇಲೆ ಹೊರಳಾಡಿಸುವ ಆ ನೋವಿನ ಮೂಲ ಒತ್ತಡ. ದಾರಿ ಕಟ್ಟಿದರೂ ಮೂತ್ರಪಿಂಡ ಸೋಸುವುದನ್ನು ನಿಲ್ಲಿಸುವುದಿಲ್ಲ. ಕಲ್ಲಿನ ಮೇಲ್ಭಾಗದಲ್ಲಿ ಮೂತ್ರ ತುಂಬಿ ನಾಳದ ಗೋಡೆಯೂ ಮೂತ್ರಪಿಂಡದ ಹೊದಿಕೆಯೂ ಬಿಗಿಯುತ್ತವೆ. ಅಲ್ಲಿನ ನರಗಳು ಕೊಯ್ತಕ್ಕಿಂತ ಹೆಚ್ಚಾಗಿ ಇಂಥ ಬಿಗಿತಕ್ಕೆ ಸ್ಪಂದಿಸುತ್ತವೆ.

ನೋವು ಅಲೆ ಅಲೆಯಾಗಿ ಏಕೆ ಬರುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೂತ್ರನಾಳ ಸುಮ್ಮನೆ ಬಿದ್ದಿರುವ ಕೊಳವೆಯಲ್ಲ. ಅದರ ಗೋಡೆಯಲ್ಲಿ ಸ್ನಾಯುಗಳಿವೆ. ನಿಮಿಷಕ್ಕೆ ಕೆಲವು ಬಾರಿ ಮೇಲಿನಿಂದ ಕೆಳಕ್ಕೆ ಹಿಂಡುತ್ತಾ ಅವು ಮೂತ್ರವನ್ನು ತಳ್ಳುತ್ತವೆ. ನಾವು ಮಲಗಿದ್ದಾಗಲೂ ಮೂತ್ರ ಇಳಿಯುವುದು ಈ ಹಿಂಡುವಿಕೆಯಿಂದಲೇ. ಕಲ್ಲು ಅಡ್ಡಬಂದಾಗ ಸ್ನಾಯುಗಳು ಇನ್ನೂ ಜೋರಾಗಿ ಹಿಂಡಿ ಸೆಳೆತಕ್ಕೆ ಸಿಗುತ್ತವೆ, ಒತ್ತಡ ಏರುತ್ತದೆ, ನೋವು ತುದಿಮುಟ್ಟುತ್ತದೆ. ಕಲ್ಲು ಕೂದಲೆಳೆಯಷ್ಟು ಸರಿದರೆ ಅಥವಾ ತುಸು ತಿರುಗಿದರೆ ಪಕ್ಕದಿಂದ ಒಂದಿಷ್ಟು ಮೂತ್ರ ಜಾರುತ್ತದೆ. ಸ್ನಾಯು ದಣಿದು ಸಡಿಲವಾದಾಗಲೂ ಬಿಗಿ ಇಳಿಯುತ್ತದೆ. ಆಗ ನೋವು ತಗ್ಗಿ, ಬೆವರಿ ಒದ್ದೆಯಾದ ಮನುಷ್ಯ ಮುಗಿಯಿತಪ್ಪಾ ಎಂದು ಉಸಿರು ಬಿಡುತ್ತಾನೆ. ಮತ್ತೆ ಮೂತ್ರ ತುಂಬುತ್ತದೆ, ಮತ್ತೆ ಸೆಳೆತ. ಒಂದೊಂದು ಅಲೆ ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೂ ಇರಬಹುದು.

ದೇಹವೇ ಈ ಬೆಂಕಿಗೆ ತುಪ್ಪ ಸುರಿಯುತ್ತದೆ. ಒತ್ತಡ ಏರಿದ ಮೂತ್ರಪಿಂಡದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಅವು ರಕ್ತನಾಳಗಳನ್ನು ಹಿಗ್ಗಿಸಿ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಹೆಚ್ಚಿಸುತ್ತವೆ. ಅದರಿಂದ ಮೂತ್ರ ಇನ್ನೂ ಹೆಚ್ಚಾಗುತ್ತದೆ, ಒತ್ತಡ ಇನ್ನೂ ಏರುತ್ತದೆ. ಆಸ್ಪತ್ರೆಯಲ್ಲಿ ಮೊದಲು ಕೊಡುವ ಡೈಕ್ಲೋಫೆನಾಕ್ ಇಂಜೆಕ್ಷನ್ ಇಷ್ಟು ಚೆನ್ನಾಗಿ ಕೆಲಸ ಮಾಡುವುದು ಈ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುವುದರಿಂದ. (ಮೂತ್ರಪಿಂಡ ಮೊದಲೇ ದುರ್ಬಲವಾಗಿರುವವರಿಗೆ ಮತ್ತು ಹೊಟ್ಟೆಹುಣ್ಣು ಇರುವವರಿಗೆ ಈ ಔಷಧ ಅಪಾಯಕಾರಿ. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವುದು ಸಲ್ಲದು.) ನೋವು ಶುರುವಾದಾಗ ಚೊಂಬುಗಟ್ಟಲೆ ನೀರು ಕುಡಿದು ಕಲ್ಲನ್ನು ತಳ್ಳಿಬಿಡುತ್ತೇನೆ ಎನ್ನುವವರಿದ್ದಾರೆ. ಅದರಿಂದ ಕಲ್ಲು ಬೇಗ ಇಳಿಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಕಟ್ಟಿದ ನಾಳಕ್ಕೆ ಇನ್ನಷ್ಟು ಮೂತ್ರ ತುಂಬಿದರೆ ನೋವೇ ಹೆಚ್ಚಬಹುದು. ನೀರಿನ ಕೆಲಸ ಮುಂದೆ ಕಲ್ಲಾಗದಂತೆ ತಡೆಯುವುದು. ಆ ಹೊತ್ತಿನಲ್ಲಿ ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು.

ಕಲ್ಲು ಇಳಿದಂತೆ ನೋವಿನ ಜಾಗವೂ ಇಳಿಯುತ್ತದೆ. ಮೊದಲು ಪಕ್ಕೆಯ ಹಿಂದೆ, ಆಮೇಲೆ ಕಿಬ್ಬೊಟ್ಟೆಗೆ, ತೊಡೆಸಂದಿಗೆ, ಗಂಡಸರಲ್ಲಿ ವೃಷಣಕ್ಕೂ ನೋವು ಹರಿಯುತ್ತದೆ. ಈ ಭಾಗಗಳ ನರಗಳೂ ಮೂತ್ರನಾಳದ ನರಗಳೂ ಬೆನ್ನುಹುರಿಯ ಒಂದೇ ಮಟ್ಟವನ್ನು ಸೇರುವುದರಿಂದ ಮಿದುಳಿಗೆ ನೋವಿನ ವಿಳಾಸ ತಪ್ಪುತ್ತದೆ. ಹೊಟ್ಟೆ ಕರುಳಿನ ನರಗಳ ನಂಟೂ ಇರುವುದರಿಂದ ವಾಂತಿ ಬರುತ್ತದೆ. ಕಲ್ಲು ಮೂತ್ರಕೋಶದ ಬಾಗಿಲಿಗೆ ಬಂದಾಗ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸಿ ಉರಿಯೂ ಶುರುವಾಗುತ್ತದೆ. ಇದನ್ನು ಉರಿಮೂತ್ರವೆಂದು ತಿಳಿದು ಬರೀ ಬಾರ್ಲಿ ನೀರು ಕುಡಿದು ಕೂತವರು ಬಹಳ.

ಐದು ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳಲ್ಲಿ ಮೂರರಲ್ಲಿ ಎರಡರಷ್ಟು ತಾವಾಗಿಯೇ ಬಿದ್ದುಹೋಗುತ್ತವೆ. ಕೆಲವು ದಿನ, ಕೆಲವು ವಾರ ಬೇಕಾಗಬಹುದು. ಇಲ್ಲಿ ಎಚ್ಚರಿಕೆಯಿಂದ ಗಮನಿಸಬೇಕಾದ ಸಂಗತಿಯೊಂದಿದೆ. ನಾಳ ಪೂರ್ತಿ ಕಟ್ಟಿಕೊಂಡೇ ಇದ್ದರೆ, ಕೆಲವು ಗಂಟೆಗಳ ನಂತರ ಮೂತ್ರಪಿಂಡಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತಾ ಬಂದು ಸೋಸುವ ಕೆಲಸವೇ ಕುಗ್ಗುತ್ತದೆ. ಒತ್ತಡ ಇಳಿದು ನೋವೂ ನಿಲ್ಲುತ್ತದೆ. ರೋಗಿ ಕಲ್ಲು ಬಿತ್ತು ಎಂದುಕೊಳ್ಳುತ್ತಾನೆ. ಕಲ್ಲು ಅಲ್ಲೇ ಇರುತ್ತದೆ, ವಾರಗಟ್ಟಲೆ ಹಾಗೇ ಬಿಟ್ಟರೆ ಆ ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತದೆ. ಆದ್ದರಿಂದ ನೋವು ನಿಂತರೂ, ಕಲ್ಲು ಬಿದ್ದದ್ದನ್ನು ಕಣ್ಣಾರೆ ಕಾಣದಿದ್ದರೆ, ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲೇಬೇಕು. ನೋವಿನ ಜೊತೆ ಚಳಿಜ್ವರ ಬಂದರೆ ಒಂದು ರಾತ್ರಿಯೂ ಕಾಯುವಂತಿಲ್ಲ. ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿದರೆ ಅದು ಗಂಟೆಗಳಲ್ಲಿ ರಕ್ತಕ್ಕೆ ಸೇರಿ ಜೀವಕ್ಕೇ ಕುತ್ತಾಗುತ್ತದೆ. ಮೂತ್ರ ಪೂರ್ತಿ ನಿಂತುಹೋದರೂ, ಒಂದೇ ಮೂತ್ರಪಿಂಡ ಇರುವವರಿಗೆ ಅಥವಾ ಗರ್ಭಿಣಿಗೆ ಇಂಥ ನೋವು ಬಂದರೂ ಅಷ್ಟೇ ತುರ್ತು.

ಕಲ್ಲು ಬಿತ್ತು ಅಥವಾ ತೆಗೆಸಿದ್ದಾಯಿತು ಎಂದಿಟ್ಟುಕೊಳ್ಳೋಣ. ಕಲ್ಲು ಕಟ್ಟಿದ ಮೂತ್ರ ಹಾಗೆಯೇ ಉಳಿದಿರುತ್ತದೆ. ಏನೂ ಬದಲಿಸಿಕೊಳ್ಳದಿದ್ದರೆ ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮತ್ತೆ ಕಲ್ಲಾಗುತ್ತದೆ.

ಉದಾಹರಣೆಗೆ ರಾಯಚೂರಿನ ಬೇಸಿಗೆಯಲ್ಲಿ ದುಡಿಯುವ ಒಬ್ಬ ಬಸ್ ಕಂಡಕ್ಟರನ್ನು ಊಹಿಸಿಕೊಳ್ಳಿ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ಕುಡಿದದ್ದರಲ್ಲೂ ಬಹುಪಾಲು ಬೆವರಾಗಿ ಹೋಗುತ್ತದೆ. ದಿನಕ್ಕೆ ಬರುವ ಮೂತ್ರ 800 ಮಿಲಿಲೀಟರ್. ಅದರಲ್ಲಿ 200 ಮಿಲಿಗ್ರಾಂ ಕ್ಯಾಲ್ಸಿಯಂ, 30 ಮಿಲಿಗ್ರಾಂ ಆಕ್ಸಲೇಟ್ ಇದೆ ಎನ್ನೋಣ. ಎರಡೂ ಅಸಹಜ ಪ್ರಮಾಣಗಳಲ್ಲ. ಇದೇ ಲವಣಗಳು 2,400 ಮಿಲಿಲೀಟರ್ ಮೂತ್ರದಲ್ಲಿ ಹೋಗುವಂತಾದರೆ ಪ್ರತಿ ಲೀಟರ್‌ನಲ್ಲಿ ಕ್ಯಾಲ್ಸಿಯಂ ಮೂರನೇ ಒಂದಕ್ಕೆ ಇಳಿಯುತ್ತದೆ, ಆಕ್ಸಲೇಟ್ ಕೂಡ ಮೂರನೇ ಒಂದಕ್ಕೆ. ಹರಳುಗಟ್ಟಲು ಎರಡೂ ಒಂದನ್ನೊಂದು ಸಂಧಿಸಬೇಕಾದ್ದರಿಂದ ಲೆಕ್ಕಕ್ಕೆ ಬರುವುದು ಅವುಗಳ ಗುಣಲಬ್ಧ. ಅದು ಸ್ಥೂಲವಾಗಿ ಒಂಬತ್ತನೇ ಒಂದಕ್ಕೆ ಇಳಿಯಿತು. ನೀರಿನಷ್ಟು ದೊಡ್ಡ ಪರಿಣಾಮ ಬೇರೆ ಯಾವ ಪಥ್ಯಕ್ಕೂ ಇಲ್ಲದಿರುವುದು ಈ ಗುಣಾಕಾರದಿಂದಾಗಿ.

ಇದು ಕಾಗದದ ಮೇಲಿನ ಲೆಕ್ಕವಾಗಿಯೇ ಉಳಿದಿಲ್ಲ. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದ ಲೋರಿಸ್ ಬೋರ್ಗಿ ಮತ್ತು ಸಂಗಡಿಗರು ಮೊದಲ ಬಾರಿ ಕ್ಯಾಲ್ಸಿಯಂ ಕಲ್ಲಾದ 199 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಎರಡು ಲೀಟರ್‌ಗಿಂತ ಹೆಚ್ಚು ಮೂತ್ರ ಬರುವಷ್ಟು ನೀರು ಕುಡಿಯಲು ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳಲಿಲ್ಲ. ಇಬ್ಬರ ಊಟವನ್ನೂ ಬದಲಿಸಲಿಲ್ಲ. ಐದು ವರ್ಷದ ಕೊನೆಗೆ ನೀರಿನ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ, ಇನ್ನೊಂದರಲ್ಲಿ ನೂರಕ್ಕೆ 27 ಜನರಿಗೆ ಮತ್ತೆ ಕಲ್ಲಾಗಿತ್ತು. ಫಲಿತಾಂಶ ಪ್ರಕಟವಾದದ್ದು 1996ರಲ್ಲಿ.

ಗಮನಿಸಬೇಕಾದದ್ದು, ಗುರಿ ಇಟ್ಟದ್ದು ಕುಡಿಯುವ ನೀರಿಗಲ್ಲ, ಬರುವ ಮೂತ್ರಕ್ಕೆ. ಮಡಿಕೇರಿಯ ಮಳೆಗಾಲದಲ್ಲಿ ಎರಡೂವರೆ ಮೂರು ಲೀಟರ್ ಕುಡಿದರೆ ಸಾಕಾದೀತು. ಕಲಬುರಗಿಯ ಏಪ್ರಿಲ್‌ನಲ್ಲಿ, ಗದ್ದೆಯಲ್ಲಿ ದುಡಿಯುವವರಿಗೆ, ಕೊಲ್ಲಿ ದೇಶಗಳ ಕಟ್ಟಡ ಕೆಲಸದಲ್ಲಿರುವ ನಮ್ಮ ಕರಾವಳಿಯವರಿಗೆ ನಾಲ್ಕೈದು ಲೀಟರ್ ಕೂಡ ಬೇಕಾಗಬಹುದು. ರಜೆಯ ದಿನ ಎರಡು ಲೀಟರಿನ ಕ್ಯಾನಿನಲ್ಲಿ ಬೆಳಗ್ಗೆಯಿಂದ ಮರುದಿನ ಬೆಳಗ್ಗೆಯವರೆಗಿನ ಮೂತ್ರ ಸಂಗ್ರಹಿಸಿ ನೋಡಿದರೆ ತಮ್ಮ ಅಳತೆ ಗೊತ್ತಾಗುತ್ತದೆ. ಕ್ಯಾನು ತುಂಬಿ ಮೇಲೆ ಇನ್ನೂ ಕಾಲು ಅರ್ಧ ಲೀಟರ್ ಆಗಬೇಕು. ಬೆಳಗ್ಗೆ ಒಮ್ಮೆಗೇ ಕುಡಿದು ಮುಗಿಸಿದರೆ ಉಪಯೋಗವಿಲ್ಲ. ಮೂತ್ರ ಅತಿ ಗಟ್ಟಿಯಾಗುವುದು ರಾತ್ರಿ, ಆದ್ದರಿಂದ ಮಲಗುವ ಮುಂಚೆ ಒಂದು ಲೋಟ, ನಡುವೆ ಎಚ್ಚರವಾದರೆ ಇನ್ನೊಂದು ಲೋಟ ಕುಡಿಯುವುದು ಒಳ್ಳೆಯದು. ಹೃದಯದ ತೊಂದರೆಗೋ ಕಿಡ್ನಿ ವೈಫಲ್ಯಕ್ಕೋ ನೀರು ಮಿತಿಗೊಳಿಸಿರುವವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಈಗ ಹಾಲಿನ ವಿಷಯಕ್ಕೆ ಬರೋಣ. ಪಾರ್ಮಾದ ಅದೇ ತಂಡ 2002ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಕೊಟ್ಟಿತು. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತಿದ್ದ, ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರು ಅದರಲ್ಲಿದ್ದರು. ಅರವತ್ತು ಜನರಿಗೆ ಹಳೆಯ ಪಥ್ಯ, ದಿನಕ್ಕೆ 400 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರ. ಉಳಿದ ಅರವತ್ತು ಜನರಿಗೆ 1,200 ಮಿಲಿಗ್ರಾಂ, ಅಂದರೆ ಪೂರ್ತಿ ಪ್ರಮಾಣದ ಕ್ಯಾಲ್ಸಿಯಂ, ಆದರೆ ಉಪ್ಪು ಮತ್ತು ಮಾಂಸ ಕಡಿಮೆ. ನೀರು ಇಬ್ಬರಿಗೂ ಧಾರಾಳ. ಐದು ವರ್ಷದಲ್ಲಿ ಕ್ಯಾಲ್ಸಿಯಂ ಬಿಟ್ಟವರಲ್ಲಿ 23 ಜನರಿಗೆ ಕಲ್ಲು ಮರುಕಳಿಸಿತು, ಕ್ಯಾಲ್ಸಿಯಂ ತಿಂದವರಲ್ಲಿ 12 ಜನರಿಗೆ.

ಇದರ ಗುಟ್ಟು ಕರುಳಿನಲ್ಲಿದೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಆಕ್ಸಲೇಟ್ ಜೊತೆ ಕರುಳಿನಲ್ಲೇ ಕೂಡಿಕೊಳ್ಳುತ್ತದೆ. ಅಲ್ಲಿ ಕರಗದ ವಸ್ತುವಾದರೆ ಒಳ್ಳೆಯದೇ, ಮಲದಲ್ಲಿ ಹೊರಟುಹೋಗುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಬಿಡಿಯಾಗಿ ಉಳಿದ ಆಕ್ಸಲೇಟ್ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ. ಪಾರ್ಮಾದಲ್ಲೂ ಎರಡೂ ಗುಂಪಿನವರ ಮೂತ್ರದಲ್ಲಿ ಕ್ಯಾಲ್ಸಿಯಂ ಇಳಿದಿತ್ತು, ಆದರೆ ಹಳೆಯ ಪಥ್ಯದವರಲ್ಲಿ ಆಕ್ಸಲೇಟ್ ಏರಿತ್ತು. ಹಾಲು ಬಿಟ್ಟವರ ಮೂಳೆಗಳೂ ಸವೆಯುತ್ತವೆ, ಅದು ಬೇರೆ ನಷ್ಟ. ಆದ್ದರಿಂದ ಊಟದ ಜೊತೆಗೇ ಮೊಸರನ್ನ ಅಥವಾ ಮಜ್ಜಿಗೆ ತೆಗೆದುಕೊಳ್ಳುವ ನಮ್ಮ ಪದ್ಧತಿ ಕಲ್ಲಾದವರಿಗೆ ಹೇಳಿಮಾಡಿಸಿದ್ದು. ಒಂದು ದೊಡ್ಡ ಲೋಟ ಹಸುವಿನ ಹಾಲಿನಲ್ಲಿ 300 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಸಿಗುತ್ತದೆ, ರಾಗಿಯಲ್ಲೂ ಸಾಕಷ್ಟಿದೆ. ಕ್ಯಾಲ್ಸಿಯಂ ಮಾತ್ರೆಯ ಮಾತು ಬೇರೆ. ಊಟದ ನಡುವಲ್ಲದ ಹೊತ್ತಿನಲ್ಲಿ ನುಂಗಿದರೆ ಕರುಳಿನಲ್ಲಿ ಹಿಡಿಯಲು ಆಕ್ಸಲೇಟ್ ಇರುವುದಿಲ್ಲ, ಬರೀ ಮೂತ್ರದ ಕ್ಯಾಲ್ಸಿಯಂ ಹೆಚ್ಚುತ್ತದೆ.

ಪಥ್ಯದ ಪಟ್ಟಿಯಲ್ಲಿ ಮೇಲೆ ಬರಬೇಕಾಗಿದ್ದು ಉಪ್ಪು. ಮೂತ್ರಪಿಂಡ ಸೋಡಿಯಂ ಹೊರಹಾಕುವಾಗ ಅದರ ಜೊತೆಗೇ ಕ್ಯಾಲ್ಸಿಯಂ ಕೂಡ ಜಾರುತ್ತದೆ. ದಿನಕ್ಕೆ ಆರು ಗ್ರಾಂ ಉಪ್ಪು ಹೆಚ್ಚಾದರೆ ಮೂತ್ರದ ಕ್ಯಾಲ್ಸಿಯಂ ಸುಮಾರು 40 ಮಿಲಿಗ್ರಾಂ ಹೆಚ್ಚುತ್ತದೆ, ಕಲ್ಲಾಗುವ ಸ್ವಭಾವದವರಲ್ಲಿ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಐದು ಗ್ರಾಂ, ಒಂದು ಟೀಚಮಚೆಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರಾ, ಒಣಮೀನು ಇವುಗಳಲ್ಲೇ ಆ ಮಿತಿ ಮುಗಿದುಹೋಗುತ್ತದೆ. ಕಲ್ಲಿಗೆ ಒಳ್ಳೆಯದೆಂದು ನಿಂಬೆ ಶರಬತ್ತು, ಮಜ್ಜಿಗೆ ಕುಡಿಯುವವರು ಅದಕ್ಕೂ ಚಿಟಿಕೆಗಟ್ಟಲೆ ಉಪ್ಪು ಹಾಕಿಕೊಳ್ಳುವುದನ್ನು ಬಿಡಬೇಕು. ನಿಂಬೆಯ ಸಿಟ್ರೇಟ್‌ನಿಂದ ಆಗುವ ಅನುಕೂಲವನ್ನು ಉಪ್ಪು ಕಸಿಯುತ್ತದೆ. ಕೋಳಿ, ಕುರಿ, ಮೀನು ಅತಿಯಾದರೆ ಮೂತ್ರ ಹುಳಿಯಾಗಿ ಸಿಟ್ರೇಟ್ ಇಳಿಯುತ್ತದೆ, ಯೂರಿಕ್ ಆಮ್ಲ ಏರುತ್ತದೆ. ಪೂರ್ತಿ ಬಿಡಬೇಕಾಗಿಲ್ಲ, ದಿನದ ಎರಡೂ ಹೊತ್ತು ತಿನ್ನುವವರು ಒಂದು ಹೊತ್ತಿಗೆ ಇಳಿಸಿದರೆ ಸಾಕು.

ಟೊಮೆಟೊ ಪಾಪ ಅಪವಾದ ಹೊತ್ತಿದೆ. ನೂರು ಗ್ರಾಂ ಪಾಲಕ್‌ನಲ್ಲಿ ಆಕ್ಸಲೇಟ್ ನೂರಾರು ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಟೊಮೆಟೊದಲ್ಲಿ ಇರುವುದು ಹತ್ತು ಮಿಲಿಗ್ರಾಂನ ಆಸುಪಾಸು. ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಿರುವವರು ನಿಜವಾಗಿ ಕಡಿಮೆ ಮಾಡಬೇಕಾದದ್ದು ಪಾಲಕ್, ಕೆಸು, ದಂಟು, ಬಾದಾಮಿ, ಗೋಡಂಬಿ. ಸೊಪ್ಪನ್ನು ಬೇಯಿಸಿ ನೀರು ಬಸಿದು ಮೊಸರಿನ ಜೊತೆ ತಿಂದರೆ ಒಳಸೇರುವ ಆಕ್ಸಲೇಟ್ ಇಳಿಯುತ್ತದೆ. ಪಾಲಕ್ ಸ್ಮೂದಿಯೆಂದು ದಿನವೂ ಹಸಿಯಾಗಿ ರುಬ್ಬಿ ಕುಡಿಯುವುದು, ಸಾವಿರ ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆ ನುಂಗುವುದು ಕಲ್ಲಾದವರಿಗೆ ಹೇಳಿದ್ದಲ್ಲ. ಬಾಳೆದಿಂಡಿನ ಪಲ್ಯ, ಹುರುಳಿ ಕಟ್ಟು ಊಟವಾಗಿ ಚೆನ್ನ. ಆದರೆ ನಾಳದಲ್ಲಿ ಸಿಕ್ಕಿಕೊಂಡ ಕ್ಯಾಲ್ಸಿಯಂ ಕಲ್ಲನ್ನು ಅವು ಕರಗಿಸುತ್ತವೆ ಎಂದು ನಂಬಿ ಚಿಕಿತ್ಸೆ ಮುಂದೂಡುವುದು ತಪ್ಪು. ಐದು ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲು ಹೇಗೂ ಬೀಳುವುದೇ ಹೆಚ್ಚಾದ್ದರಿಂದ, ಆ ವಾರ ಏನು ತಿಂದಿದ್ದರೋ ಅದಕ್ಕೆ ಹೆಸರು ಬರುತ್ತದೆ.

ಇಷ್ಟೂ ಮಾತು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಿನದು. ಯೂರಿಕ್ ಆಮ್ಲದ ಕಲ್ಲು ಬೇರೆ ಜಾತಿ. ಅದು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಮೂತ್ರದ ಹುಳಿ ಇಳಿಸುವ ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧದಿಂದ ಕರಗಿಸಲೂ ಬಹುದು. ಸೋಂಕಿನಿಂದ ಆಗುವ ಕಲ್ಲಿಗೆ ಸೋಂಕನ್ನೇ ಬೇರುಸಹಿತ ತೆಗೆಯಬೇಕು. ಚಿಕ್ಕವಯಸ್ಸಿನಲ್ಲೇ ಕಲ್ಲಾದರೆ, ಮನೆಯಲ್ಲಿ ಹಲವರಿಗೆ ಇದ್ದರೆ ಆನುವಂಶಿಕ ಕಾರಣ ಹುಡುಕಬೇಕು. ಯಾವ ಕಲ್ಲು ಎಂದು ಸ್ಕ್ಯಾನಿಂಗ್ ಖಚಿತವಾಗಿ ಹೇಳುವುದಿಲ್ಲ, ಕಲ್ಲನ್ನೇ ಪರೀಕ್ಷಿಸಬೇಕು. ಆದ್ದರಿಂದ ಕಲ್ಲು ಬೀಳುವ ದಿನಗಳಲ್ಲಿ ಟೀ ಸೋಸುವ ಹಳೆಯ ಜರಡಿಯನ್ನೋ ತೆಳುಬಟ್ಟೆಯನ್ನೋ ಹಿಡಿದು ಮೂತ್ರ ಮಾಡಿ. ಸಾಸಿವೆ ಕಾಳಿನಷ್ಟು ಸಿಕ್ಕರೂ ತೊಳೆದು, ಒಣಗಿಸಿ, ಪುಟ್ಟ ಡಬ್ಬಿಯಲ್ಲಿಟ್ಟು ವೈದ್ಯರಿಗೆ ಕೊಡಿ. ಮತ್ತೆ ಕಲ್ಲಾದವರು ಆ ವರದಿಯ ಜೊತೆ 24 ಗಂಟೆಯ ಮೂತ್ರದ ಪರೀಕ್ಷೆಯನ್ನೂ ಮಾಡಿಸಿಕೊಂಡು, ತಮ್ಮ ಪಥ್ಯವನ್ನು ಅದರಂತೆ ಬರೆಸಿಕೊಳ್ಳಿ.